ಹತ್ತೊಂಬತ್ತರಿಂದ ಹದಿನಾಲ್ಕಕ್ಕೆ

ಹಳ್ಳಿಯ ಗ್ರಂಥಾಲಯಗಳ ಗೋಡೆಗೆ ಹಾಕಲು ಸಾಕ್ಷರತೆಯ ಪೋಸ್ಟರ್ ಒಂದು ತಯಾರಾಗುತ್ತಿತ್ತು. ಚಿತ್ರ, ಬಣ್ಣ ಎಲ್ಲ ಮುಗಿದ ಮೇಲೆ ಅದರ ಬರಹ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕಾಗುಣಿತ ನೋಡಿ ಕಳಿಸಿದರಾಯಿತು ಅಂದುಕೊಂಡಿದ್ದೆ. ಇಡೀ ದಿನ ಹಿಡಿಯಿತು.

ತಲೆಬರಹ ‘ಸಾಕ್ಷರತೆಯಲ್ಲಿ ಕರ್ನಾಟಕದ ದಾಪುಗಾಲು: ಶೇ 75.60’ ಎಂದಿತ್ತು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಶೇ 75.36. ಎರಡೂ 2011ರ ಜನಗಣತಿಯವೇ. ಮೊದಲನೆಯದು ತಾತ್ಕಾಲಿಕ ಅಂಕಿ, ಎರಡನೆಯದು ಅಂತಿಮ. ಒಂದೇ ಹಾಳೆಯಲ್ಲಿ ಎರಡನ್ನೂ ಕಂಡ ಓದುಗರು ಯಾವುದನ್ನೂ ನಂಬುವುದಿಲ್ಲ. ಅಂತಿಮವನ್ನೇ ಹಿಡಿದೆವು.

ಆದರೆ ನಿಜವಾದ ತೊಡಕು ಬೇರೆ ಇತ್ತು. ಚಿತ್ರದಲ್ಲಿದ್ದ ಕಂಬಗಳು ಗಂಡಸರು, ಹೆಂಗಸರು ಎಂದು ಜೋಡಿಜೋಡಿಯಾಗಿ ನಿಂತಿದ್ದವು. 2001ರಲ್ಲಿ ಗಂಡಸರು ಶೇ 76.10, ಹೆಂಗಸರು 56.87. 2011ರಲ್ಲಿ 82.47 ಮತ್ತು 68.08. ತಲೆಬರಹ ರಾಜ್ಯದ ಒಟ್ಟು ಸಾಧನೆ ಹೇಳುತ್ತಿತ್ತು, ಕಂಬಗಳು ಗಂಡು ಹೆಣ್ಣಿನ ಅಂತರ ಹೇಳುತ್ತಿದ್ದವು. ನಡುವೆ ಯಾದಗಿರಿ, ದಕ್ಷಿಣ ಕನ್ನಡದ ಅಂಕಿಗಳು ಬೇರೆ. ಜಿಲ್ಲೆಗಳ ಮಾತು ದೊಡ್ಡದು, ಅದಕ್ಕೆ ಇನ್ನೊಂದು ಪೋಸ್ಟರೇ ಬೇಕು ಎಂದು ತೆಗೆಸಿದೆ. ಅದನ್ನು ತೆಗೆಸುವಾಗ ನನಗೂ ಸಂಕಟವಾಯಿತು.

ಕಂಬದ ಪಕ್ಕದಲ್ಲಿ ‘ಮಹಿಳಾ ಸಾಕ್ಷರತೆ ಶೇ 20ರಷ್ಟು ಏರಿಕೆ’ ಎಂಬ ಗುಳ್ಳೆ ಇತ್ತು. ವಿನ್ಯಾಸ ಮಾಡಿದ ಹುಡುಗ, “ಲೆಕ್ಕ ಸರಿಯಾಗೇ ಇದೆ ಮೇಡಂ” ಅಂದ. ಸರಿಯೇ. 56.87ಕ್ಕೆ 11.21 ಕೂಡಿದರೆ ಅದು ಮೂಲದ ಸುಮಾರು ಶೇ 20ರಷ್ಟು ಹೆಚ್ಚಳ. ಆದರೆ ಗೋಡೆಯ ಮುಂದೆ ನಿಂತವರು 68ರಿಂದ 57 ಕಳೆಯುತ್ತಾರೆ, 11 ಸಿಗುತ್ತದೆ, 20 ಎಲ್ಲಿಂದ ಬಂತೆಂದು ತಬ್ಬಿಬ್ಬಾಗುತ್ತಾರೆ. ಆ ಗುಳ್ಳೆ ಹೋಯಿತು.

ದಶಮಾಂಶಗಳನ್ನೂ ಕೈಬಿಟ್ಟೆವು. ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿದೆ: ದುಂಡುಮಾಡಿದ ಅಂಕಿಗಳನ್ನು ಕಳೆದರೂ ಅಂತರ ಸರಿಹೊಂದಬೇಕು. 76ರಲ್ಲಿ 57 ಹೋದರೆ 19, ನಿಜವಾದ ಅಂತರ 19.23. 82ರಲ್ಲಿ 68 ಹೋದರೆ 14, ನಿಜವಾದದ್ದು 14.39. ಹೊಂದಿತು. ಎಲ್ಲ ಸಲವೂ ಹೀಗೆ ಹೊಂದುವುದಿಲ್ಲ. ಹೊಂದದಿದ್ದರೆ ಒಂದು ದಶಮಾಂಶ ಉಳಿಸಿಕೊಳ್ಳಲೇಬೇಕು.

ಆಮೇಲೆ ತಲೆಬರಹ ತಾನಾಗಿಯೇ ಬಂತು: ‘ಓದು ಬರಹ: ಗಂಡು ಹೆಣ್ಣಿನ ಅಂತರ 19ರಿಂದ 14ಕ್ಕೆ’. ‘ಮಹಿಳಾ ಸಾಕ್ಷರತಾ ಪ್ರಮಾಣ (ಶೇಕಡಾವಾರು)’ ಎಂಬ ಉದ್ದ ಹೆಸರಿನ ಜಾಗದಲ್ಲಿ ಕಂಬದ ಮೇಲೆಯೇ ‘100 ಹೆಂಗಸರಲ್ಲಿ 68’ ಎಂದು ಬರೆಸಿದೆ. ಅಡಿಯಲ್ಲಿ ಒಂದೇ ಸಾಲು: ‘7 ವರ್ಷ ಮತ್ತು ಮೇಲ್ಪಟ್ಟವರು, ಜನಗಣತಿ 2001, 2011’. ಆ ವಯಸ್ಸನ್ನು ಬಿಟ್ಟರೆ ಕೂಸುಗಳೂ ಲೆಕ್ಕದಲ್ಲಿವೆ ಅಂತಾಗುತ್ತದೆ.

ಸಂಜೆ ಕಚೇರಿ ಗುಡಿಸಲು ಬಂದ ಅಕ್ಕನಿಗೆ ಪ್ರಿಂಟ್ ತೋರಿಸಿ, ಏನು ತಿಳಿಯಿತು ಎಂದು ಕೇಳಿದೆ. ಬೆರಳಿಟ್ಟು ನಿಧಾನವಾಗಿ ಓದಿಕೊಂಡರು. “ಹೆಂಗಸ್ರು ಹತ್ರಕ್ಕೆ ಬಂದವ್ರೆ. ಆದ್ರೂ ಇನ್ನೂ ಹಿಂದೇನೆ ಅವ್ರೆ, ಅಲ್ವಾ ಮೇಡಂ?”

ಅವತ್ತೇ ರಾತ್ರಿ ಫೈಲನ್ನು ಪ್ರೆಸ್ಸಿಗೆ ಕಳಿಸಿದೆವು.