ಹೂಲಿ ಹುಲಿಯಲ್ಲ: ಎಂಟು ವರ್ಷದ ಮಗಳಿಗಾಗಿ ಚೀನೀ ಭಾಷೆಯಲ್ಲಿ ಒಂದು ನರಿಯ ಕಥೆ

ಮೊದಲ ವಾರ

ನಾವು ಶಾಂಘೈಗೆ ಬಂದು ಇದು ಎರಡನೆಯ ವರ್ಷ. ಮಗಳು ಅಂಗಡಿಯಲ್ಲಿಯೂ ಆಟದ ಬಯಲಿನಲ್ಲಿಯೂ ಧೈರ್ಯವಾಗಿ ಚೀನೀ ಮಾತನಾಡುತ್ತಾಳೆ. ಆದರೆ ಓದಲು ಕುಳಿತರೆ ಎರಡನೆಯ ಸಾಲಿಗೇ ಪುಸ್ತಕ ಮುಚ್ಚುತ್ತಾಳೆ. ಆದ್ದರಿಂದ ಅವಳಿಗೆ ಗೊತ್ತಿರುವ ಪದಗಳಲ್ಲಿಯೇ ಒಂದು ಪ್ರಾಣಿಕಥೆಯನ್ನು ಬರೆದು, ಐದು ಪುಟಗಳ ಕೈಪುಸ್ತಕ ಮಾಡಬೇಕೆಂದು ಹೊರಟಿದ್ದೇನೆ.

ಆರಿಸಿಕೊಂಡದ್ದು ಹುಲಿಯ ಬಲವನ್ನು ಎರವಲು ಪಡೆದ ನರಿಯ ಕಥೆ. ಇದು 'ಜಾನ್‌ಗುವೋ ತ್ಸೆ' ಎಂಬ ಪ್ರಾಚೀನ ಗ್ರಂಥದಲ್ಲಿದೆ. ಉತ್ತರದ ರಾಜ್ಯಗಳು ತನ್ನ ಅಧಿಕಾರಿ ಜಾವ್ ಶೀಶ್ಯೂಗೆ ಹೆದರುತ್ತವಂತೆ, ನಿಜವೇ ಎಂದು ಚೂ ರಾಜ್ಯದ ಶ್ಯುವಾನ್ ರಾಜನು ಸಭೆಯಲ್ಲಿ ಕೇಳಿದಾಗ, ಜ್ಯಾಂಗ್ ಯಿ ಎಂಬವನು ಉತ್ತರವಾಗಿ ಈ ಕಥೆಯನ್ನು ಹೇಳುತ್ತಾನೆ. ಹುಲಿ ನರಿಯನ್ನು ಹಿಡಿಯುತ್ತದೆ. ತನ್ನನ್ನು ಮೃಗಗಳ ಒಡೆಯನನ್ನಾಗಿ ದೇವರೇ ಕಳುಹಿಸಿದ್ದಾನೆ, ನಂಬಿಕೆ ಇಲ್ಲದಿದ್ದರೆ ನನ್ನ ಹಿಂದೆ ನಡೆದು ನೋಡು ಎಂದು ನರಿ ಹೇಳುತ್ತದೆ. ಎರಡೂ ನಡೆದು ಬರುವುದನ್ನು ಕಂಡ ಮೃಗಗಳು ಓಡುತ್ತವೆ. ಅವು ತನಗೇ ಹೆದರಿ ಓಡಿದವೆಂದು ಹುಲಿಗೆ ತಿಳಿಯುವುದಿಲ್ಲ. ಸಭೆ, ರಾಜ, ಅಧಿಕಾರಿ ಯಾರೂ ನನ್ನ ಪುಸ್ತಕದಲ್ಲಿ ಇರುವುದಿಲ್ಲ.

ಪದಗಳ ಮಿತಿಗೆ, ಚೀನೀ ಕಲಿಯುವ ಪರಭಾಷಿಕರಿಗಾಗಿ ಇರುವ ಎಚ್‌ಎಸ್‌ಕೆ ಪರೀಕ್ಷೆಯ 2010ರ ಮೊದಲ ಎರಡು ಹಂತಗಳ ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಎರಡೂ ಸೇರಿ 300 ಪದಗಳು. 2021ರ ಹೊಸ ಮಾನದಂಡದಲ್ಲಿ ಮೊದಲ ಹಂತದಲ್ಲಿಯೇ 500 ಪದಗಳಿರುವುದರಿಂದ, ಚಿಕ್ಕವಳಿಗೆ ಹಳೆಯ ಪಟ್ಟಿಯೇ ಲೇಸೆನಿಸಿತು. ಆದರೆ ಇದು ಮೂಲತಃ ದೊಡ್ಡವರಿಗಾಗಿ ಮಾಡಿದ ಪಟ್ಟಿ, ಕಾಡಿನ ಕಥೆಗೆ ಒದಗುವುದಿಲ್ಲ. ಇದರಲ್ಲಿ ಪ್ರಾಣಿಗಳೆಂದರೆ ನಾಯಿ, ಬೆಕ್ಕು, ಮೀನು. ಹಸು ಹಾಲಿನ ರೂಪದಲ್ಲಿ, ಕುರಿ ಮಾಂಸದ ರೂಪದಲ್ಲಿ, ಕೋಳಿ ಮೊಟ್ಟೆಯ ರೂಪದಲ್ಲಿ ಮಾತ್ರ ಕಾಣಿಸುತ್ತವೆ! ಹೀಗಾಗಿ ಪಟ್ಟಿಯ ಹೊರಗಿನ ಐದು ಪದಗಳಿಗೆ ಅವಕಾಶ ಕೊಡುವುದು, ಪ್ರತಿಯೊಂದೂ ಕಥೆಯಲ್ಲಿ ಕನಿಷ್ಠ ಮೂರು ಸಲ ಬರುವಂತೆ ನೋಡಿಕೊಳ್ಳುವುದು ಎಂದು ನಿಯಮ ಹಾಕಿಕೊಂಡೆ. ನರಿ, ಹುಲಿ, ಪ್ರಾಣಿ, ಹೆದರು, ಓಡು: ಈ ಐದು.

ಎರಡನೆಯ ವಾರ

ಮೊದಲ ಕರಡನ್ನು ಓದಿ ಹೇಳಿದಾಗ, ನಾನು ಕನಸಿನಲ್ಲಿಯೂ ಎಣಿಸದಿದ್ದ ಕಡೆ ಮಗಳು ತಡೆದಳು. ಚೀನೀ ಭಾಷೆಯಲ್ಲಿ ನರಿಗೆ 'ಹೂಲಿ' ಎನ್ನುತ್ತಾರೆ, ಹುಲಿಗೆ 'ಲಾವ್‌ಹೂ' ಎನ್ನುತ್ತಾರೆ. ನನ್ನ ಮೊದಲ ವಾಕ್ಯ ನರಿಯಿಂದಲೇ ಆರಂಭವಾಗುತ್ತಿತ್ತು. "ಅಪ್ಪಾ, ಹುಲಿ ಇನ್ನೊಂದು ಹುಲಿಯನ್ನು ನೋಡಿತಾ?" ಎಂದು ಕೇಳಿದಳು. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಕಿವಿಗೆ ಹೂಲಿ ಎಂದರೆ ಹುಲಿಯೇ. ನರಿ ಹುಲಿಯ ಬಲವನ್ನಷ್ಟೇ ಅಲ್ಲ, ಕನ್ನಡದ ಹೆಸರನ್ನೂ ಎರವಲು ಪಡೆದಿತ್ತು.

ತೊಡಕು ಕನ್ನಡದಿಂದ ಮಾತ್ರ ಬಂದದ್ದಲ್ಲ. ನರಿಯ 'ಹೂ' ಮತ್ತು ಹುಲಿಯ 'ಹೂ' ಎರಡಕ್ಕೂ ಉಚ್ಚಾರ ಒಂದೇ, ಸ್ವರದ ಏರಿಳಿತ ಮಾತ್ರ ಬೇರೆ. ನರಿಯದು ಎರಡನೆಯ ಸ್ವರ, ಪ್ರಶ್ನೆ ಕೇಳುವಾಗಿನಂತೆ ಮೇಲೇರುತ್ತದೆ. ಹುಲಿಯದು ಮೂರನೆಯ ಸ್ವರ, ತಗ್ಗಿ ಮೇಲೆ ಬರುತ್ತದೆ. ಈ ಕಥೆಯಿಂದ ಹುಟ್ಟಿದ ನಾಲ್ಕಕ್ಷರದ ನುಡಿಗಟ್ಟಿನಲ್ಲಿ ಎರಡೂ 'ಹೂ' ಒಂದು ಅಕ್ಷರದ ಅಂತರದಲ್ಲಿ ಬರುತ್ತವೆ:

```
狐假虎威
```

ಇದನ್ನು ಪುಸ್ತಕದ ಹೆಸರಾಗಿ ಇಡಬೇಕೆಂದಿದ್ದೆ, ಕೈಬಿಟ್ಟೆ. ಇದರ ಎರಡನೆಯ ಅಕ್ಷರಕ್ಕೆ ಇಲ್ಲಿ 'ಎರವಲು ಪಡೆ' ಎಂಬ ಅರ್ಥವಿದೆ, ಆದರೆ ಇಂದಿನ ಬಳಕೆಯಲ್ಲಿ ಅದು ಸುಳ್ಳು, ನಕಲಿ ಎಂಬುದನ್ನು ಸೂಚಿಸುತ್ತದೆ. ಕಥೆ ತಿಳಿದ ಮೇಲೆ ನುಡಿಗಟ್ಟು ತಿಳಿಯುತ್ತದೆ, ನುಡಿಗಟ್ಟಿನಿಂದ ಕಥೆ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಕೊನೆಯ ಹೊದಿಕೆಯ ಒಳಬದಿಗೆ ಕಳುಹಿಸಿದ್ದೇನೆ.

ಹೆಸರುಗಳ ಗೊಂದಲಕ್ಕೆ ಎರಡು ಉಪಾಯ ಮಾಡಿದೆ. ಕಥೆಯನ್ನು ಲಾವ್‌ಹೂವಿನಿಂದ ಆರಂಭಿಸಿ, ಎರಡು ಹೆಸರುಗಳನ್ನೂ ಎಲ್ಲಿಯೂ ಮೊಟಕುಗೊಳಿಸದೆ ಪೂರ್ತಿಯಾಗಿಯೇ ಬರೆದೆ. ಕಥೆಗೆ ಮೊದಲು ಚಿತ್ರದ ಪುಟವೊಂದನ್ನು ಸೇರಿಸಿ, ಪಟ್ಟೆಯ ಪ್ರಾಣಿಯ ಕೆಳಗೆ ಒಂದು ಹೆಸರು, ಕೆಂಪು ಬಾಲದ ಪ್ರಾಣಿಯ ಕೆಳಗೆ ಇನ್ನೊಂದು ಹೆಸರು ಬರೆದೆ. ಬರಹದಲ್ಲಿ ಮಾತ್ರ ನರಿ ಸುಲಭವಾಯಿತು. ಅದರ ಎರಡು ಅಕ್ಷರಗಳ ಎಡಬದಿಯಲ್ಲಿಯೂ ನಾಲ್ಕು ಕಾಲಿನ ಮೃಗವನ್ನು ಸೂಚಿಸುವ ಗುರುತು ಇದೆ. ಅವಳಿಗೆ ಗೊತ್ತಿರುವ ನಾಯಿ, ಬೆಕ್ಕುಗಳಲ್ಲಿಯೂ ಅದೇ ಗುರುತು. ಬೆರಳಿಟ್ಟು ತೋರಿಸಿದೊಡನೆ ಹಿಡಿದುಕೊಂಡಳು.

```
狗  猫  狐  狸
```

ಮೂರನೆಯ ವಾರ

ಈ ವಾರವೆಲ್ಲ 'ಓಡು' ಎಂಬ ಒಂದು ಪದದ ಮೇಲೆಯೇ ಹೋಯಿತು. ಮೂಲದಲ್ಲಿ ಮೃಗಗಳು ಪಲಾಯನ ಮಾಡುವ ವಾಕ್ಯ ಐದೇ ಅಕ್ಷರದ್ದು:

```
兽见之皆走
```

ಕೊನೆಯ ಅಕ್ಷರ 'ತ್ಸೋ'. ಅದು 300 ಪದಗಳ ಪಟ್ಟಿಯಲ್ಲಿದೆ ಎಂಬ ಸಂತೋಷದಲ್ಲಿ ಹಾಗೆಯೇ ಇಳಿಸಿಕೊಂಡಿದ್ದೆ. ಹಳೆಯ ಚೀನೀಯಲ್ಲಿ ಅದಕ್ಕೆ ಓಡು ಎಂದು ಅರ್ಥ. ಇಂದು ಅದಕ್ಕೆ ನಡೆ, ಹೊರಡು ಎಂದು ಅರ್ಥ. ಮಗಳು ಆ ವಾಕ್ಯವನ್ನು ಓದಿ, ಎರಡು ಬೆರಳುಗಳನ್ನು ಮೇಜಿನ ಮೇಲೆ ನಿಧಾನವಾಗಿ ನಡೆಸುತ್ತಾ ಅಂಚಿನವರೆಗೆ ಹೋದಳು. ಹುಲಿಯನ್ನು ಕಂಡ ಪ್ರಾಣಿಗಳು ಸಂಜೆಯ ವಿಹಾರಕ್ಕೆ ಹೊರಟಂತಿತ್ತು. ಪದ ಪಟ್ಟಿಯಲ್ಲಿದೆ, ಅರ್ಥ ಪಟ್ಟಿಯಲ್ಲಿಲ್ಲ.

ಆದ್ದರಿಂದ ಓಡುವುದಕ್ಕೆ ಇಂದಿನ ಪದವಾದ 'ಫಾವ್' ತಂದೆ. ಓಟದ ವ್ಯಾಯಾಮಕ್ಕಿರುವ ಪದದ ಭಾಗವಾಗಿ ಅದು ಪಟ್ಟಿಯಲ್ಲಿ ಇದ್ದರೂ ಒಂಟಿಯಾಗಿ ಇಲ್ಲದಿರುವುದರಿಂದ ಹೊಸ ಪದವೆಂದೇ ಎಣಿಸಿದೆ. ಇದರಿಂದ ಒಂದು ಲಾಭವೂ ಆಯಿತು: ನರಿ ಮತ್ತು ಹುಲಿ ನಡೆಯುತ್ತವೆ, ಉಳಿದವು ಓಡುತ್ತವೆ, ಮತ್ತು ಕಥೆಯ ಪೂರ್ತಿ ಸ್ವಾರಸ್ಯ ಆ ಎರಡು ಕ್ರಿಯಾಪದಗಳ ನಡುವೆಯೇ ನಿಲ್ಲುತ್ತದೆ.

ಉಚ್ಚಾರದ ವಿಷಯದಲ್ಲಿ ಕನ್ನಡ ಈ ಸಲ ಕೈಹಿಡಿಯಿತು. ಹೆದರು ಎಂಬುದಕ್ಕೆ 'ಫಾ', ಓಡು ಎಂಬುದಕ್ಕೆ 'ಫಾವ್'; ಎರಡೂ ಮಹಾಪ್ರಾಣವೇ, ತುಟಿಯಿಂದ ಗಾಳಿ ಹೊಮ್ಮಬೇಕು. ರೋಮನ್ ಲಿಪಿಯ ಅಕ್ಷರ ನೋಡಿದರೆ ನಮ್ಮ ಮಕ್ಕಳು ಅಲ್ಪಪ್ರಾಣದ ಪಕಾರ ಹೇಳುತ್ತಾರೆ, ಅದು ಚೀನೀಯಲ್ಲಿ ಬೇರೆಯೇ ವ್ಯಂಜನ. 'ಫಲ' ಎಂಬುದನ್ನು ಇಂಗ್ಲಿಷಿನ ಛಾಯೆ ಬಾರದಂತೆ ಹೇಳಿಸಿ, ಅದೇ ಉಸಿರನ್ನು ಇಲ್ಲಿಗೆ ತರಿಸಿದೆ.

ನಾಲ್ಕನೆಯ ವಾರ

ನರಿ ತನ್ನ ಬಗ್ಗೆ ಏನು ಹೇಳಿಕೊಳ್ಳಬೇಕು ಎಂಬುದು ಉಳಿದಿತ್ತು. ದೇವರು, ಆಜ್ಞೆ, ಒಡೆತನ ಯಾವುವೂ ಪಟ್ಟಿಯಲ್ಲಿಲ್ಲ. ಕಥೆಯಲ್ಲಿ ಪಟ್ಟಿಯ ಹೊರಗಿನ ಅಕ್ಷರಗಳಿದ್ದರೆ ತೋರಿಸಲು ಒಂದು ಸಾಲಿನ ಪೈಥಾನ್ ಬರೆದುಕೊಂಡಿದ್ದೆ:

```
print(set(kathe) - set(patti))
```

ನರಿಯ ಬಾಯಲ್ಲಿ "ನಾನು ಲಾವ್‌ತಾ" ಎಂದು ಹಾಕಿ ಓಡಿಸಿದರೆ ಆಕ್ಷೇಪಣೆ ಬರಲಿಲ್ಲ. 'ಲಾವ್' ಶಿಕ್ಷಕರು ಎಂಬ ಪದದಲ್ಲಿದೆ, 'ತಾ' ಎಂದರೆ ದೊಡ್ಡದು, ಎರಡೂ ಪಟ್ಟಿಯಲ್ಲಿವೆ. ಆದರೆ ಒಟ್ಟಿಗೆ ಬಂದಾಗ ಹಿರಿಯ, ನಾಯಕ ಎಂದಾಗುತ್ತದೆ. "ಮುದಿ, ದೊಡ್ಡ ನರಿಯಾ?" ಎಂದಳು ಮಗಳು. ನಮ್ಮ ಕಟ್ಟಡದ ಕೆಳ ಅಂತಸ್ತಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ, ಮಗಳು ಅವರನ್ನು ನೈನೈ, ಅಂದರೆ ಅಜ್ಜಿ, ಎಂದು ಕರೆಯುತ್ತಾಳೆ. ಅವರಿಗೆ ತೋರಿಸಿದಾಗ ನಕ್ಕು, ಇದು ಪುಂಡರ ಗುಂಪಿನ ಮುಖಂಡ ಹೇಳುವ ಮಾತಿನಂತಿದೆ ಎಂದರು. ಅಕ್ಷರಗಳನ್ನು ಎಣಿಸುವ ಪರೀಕ್ಷೆಗೆ ಪದ ಕಾಣಿಸುವುದಿಲ್ಲವೆಂಬುದು ಗೊತ್ತಾಯಿತು. ಅಂದಿನಿಂದ ಅದು ತಪ್ಪು ಹುಡುಕಲಷ್ಟೇ ಸಾಕು, ಒಪ್ಪಿಗೆ ಕೊಡಲು ಸಾಲದು.

'ನಾನೇ ಎಲ್ಲರಿಗಿಂತ ದೊಡ್ಡವನು' ಎಂದು ಬದಲಿಸಿದರೆ, ಮಗಳು ಚಿತ್ರದಲ್ಲಿ ಎರಡರ ಗಾತ್ರ ನೋಡಿ ಒಪ್ಪಲಿಲ್ಲ. ಕಡೆಗೆ ನರಿಯಿಂದ "ಪ್ರಾಣಿಗಳೆಲ್ಲ ನನಗೆ ಹೆದರುತ್ತವೆ" ಎಂದಷ್ಟೇ ಹೇಳಿಸಿದೆ. ದೇವರ ಹೆಸರಿನ ಭಂಡತನ ಹೋಯಿತು, ಅದು ನಷ್ಟವೇ. ಆದರೆ ನರಿ ಈಗ ಹೇಳುವ ಮಾತನ್ನೇ ಮುಂದೆ ಹುಲಿಯೂ ಬೆರಗಿನಿಂದ ಹೇಳುವುದರಿಂದ, ಹೆದರು ಎಂಬ ಪದಕ್ಕೆ ಬೇಕಾದ ಪುನರಾವರ್ತನೆ ಬಲವಂತವಿಲ್ಲದೆ ದೊರಕಿತು.

ಐದನೆಯ ವಾರ

ಈಗಿನ ಪಾಠ ಇದು:

```
老虎看见了狐狸,想吃它。
狐狸说:"你不能吃我!"
老虎问:"为什么?"
狐狸说:"动物都怕我。"
老虎说:"真的吗?"
狐狸说:"我在前面走,你在后面走。
你看看,动物跑不跑。"
狐狸在前面走,老虎在后面走。
动物看见了,都跑了。
老虎说:"动物真的都怕狐狸!"
老虎不知道,动物不怕狐狸。
动物怕谁?
```

ಒಟ್ಟು 105 ಅಕ್ಷರಗಳು, ಪುನರಾವರ್ತನೆ ಬಿಟ್ಟರೆ 35. ನರಿ ಏಳು ಸಲ, ಹುಲಿ ಮತ್ತು ಪ್ರಾಣಿ ಆರಾರು ಸಲ, ಹೆದರು ನಾಲ್ಕು ಸಲ, ಓಡು ಮೂರು ಸಲ ಬಂದಿವೆ. ಮೊದಲ ವಾಕ್ಯದಲ್ಲಿ 'ಒಂದು ನರಿ' ಎನ್ನದಿರುವುದು ಉದ್ದೇಶಪೂರ್ವಕ. ಚೀನೀಯಲ್ಲಿ ಸಂಖ್ಯೆಯ ಜೊತೆಗೆ ಎಣಿಕೆಯ ಪದವೊಂದು ಬೇಕು, ಪ್ರಾಣಿಗಳಿಗೆ ಸಲ್ಲುವ ಆ ಪದ ಪಟ್ಟಿಯಲ್ಲಿಲ್ಲ. ಮಗಳು ಎಲ್ಲದಕ್ಕೂ ಬಳಸುವ 'ಕ' ಹಾಕಿದರೆ ನೈನೈ ಕೆಂಪು ಪೆನ್ನು ತೆಗೆಯುತ್ತಾರೆ. ಸಂಖ್ಯೆಯನ್ನೇ ಬಿಟ್ಟು, ಹುಲಿ ಮತ್ತು ನರಿಯನ್ನು ಹೆಸರುಗಳಂತೆ ಬಳಸಿದೆ.

ಭಾನುವಾರ ಮಗಳು ತಾನಾಗಿಯೇ ಓದಿದಳು. ಅವಳು ನಿಂತದ್ದು ಹೊಸ ಪದಗಳಲ್ಲಿ ಅಲ್ಲ, 'ಫಾವ್ ಪು ಫಾವ್' ಎಂಬಲ್ಲಿ. ಕ್ರಿಯಾಪದ, ನಡುವೆ 'ಇಲ್ಲ', ಮತ್ತೆ ಅದೇ ಕ್ರಿಯಾಪದ. ಪದಗಳೆಲ್ಲ ಗೊತ್ತು, ಜೋಡಣೆ ಗೊತ್ತಿಲ್ಲ. ಪದಪಟ್ಟಿ ವ್ಯಾಕರಣವನ್ನು ಅಳೆಯುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ. "ಓಡುತ್ತವೋ ಇಲ್ಲವೋ" ಎಂದು ಕನ್ನಡದಲ್ಲಿ ಹೇಳಿದೊಡನೆ ದಾಟಿದಳು, ಆದ್ದರಿಂದ ವಾಕ್ಯವನ್ನು ಉಳಿಸಿಕೊಂಡಿದ್ದೇನೆ. ಪ್ರಾಣಿಗಳು ಯಾರಿಗೆ ಹೆದರುತ್ತವೆ ಎಂಬ ಕೊನೆಯ ಪ್ರಶ್ನೆಗೆ ಪುಟ ತಿರುಗಿಸದೆಯೇ "ಲಾವ್‌ಹೂ!" ಎಂದು ಕೂಗಿದಳು, ಎರಡು ಮೂರನೆಯ ಸ್ವರಗಳು ಒಟ್ಟಿಗೆ ಬಂದಾಗ ಮೊದಲಿನದು ಎರಡನೆಯದಾಗಿ ಮೇಲೇರಬೇಕೆಂಬ ನಿಯಮವನ್ನು ನಾನು ಹೇಳಿಕೊಟ್ಟಿರಲಿಲ್ಲ, ಆದರೂ ಸರಿಯಾಗಿಯೇ ಏರಿಸಿದಳು.

ಉಳಿದಿರುವುದು ನಾಲ್ಕನೆಯ ಪುಟದ ಚಿತ್ರ. ಓಡುವ ಪ್ರಾಣಿಗಳ ಕಣ್ಣು ನರಿಯ ಕಡೆಗಲ್ಲ, ಅದರ ಹಿಂದಿನ ಹುಲಿಯ ಕಡೆಗೆ ಇರಬೇಕು. ನಾನು ಬರೆದ ಮೊಲ ಮಾತ್ರ ಇನ್ನೂ ನರಿಯನ್ನೇ ನೋಡುತ್ತಿದೆ.