ಹೆಸರಿನ ಮುಂದಿನ ಕೆಂಪು ಗುರುತು

ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಆರನೆಯ ತರಗತಿ ನನ್ನ ಪಾಲಿನದು. ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ಯುವುದು ನಿಶ್ಚಯವಾದಾಗ, ಪಾಲಕರ ವಾಟ್ಸಾಪ್ ಗುಂಪಿಗೆ ನಾನು ಕಳಿಸಿದ ಮೊದಲ ಸಂದೇಶ ಜಾತ್ರೆಯ ಮಿಠಾಯಿ ಅಂಗಡಿಯಂತಿತ್ತು: 🎉🎉🚌😍🥳. ಹೊರಡುವ ಹೊತ್ತನ್ನು ಅಂಕಿಯಲ್ಲಿ ಬರೆಯದೆ 🕢 ಹಾಕಿದ್ದೆ. ಅದು ಏಳೂವರೆಯ ಗಡಿಯಾರ. ಮೊಬೈಲಿನಲ್ಲಿ ಜೋಳದ ಕಾಳಿನಷ್ಟು ಕಾಣುವ ಅದರಲ್ಲಿ ಮುಳ್ಳುಗಳೆರಡೂ ಕೆಳಗೇ ಇರುತ್ತವೆ. ರಾತ್ರಿ ಒಬ್ಬ ಹುಡುಗನ ಅಜ್ಜ ಫೋನ್ ಮಾಡಿದರು. "ಅಕ್ಕೋರೆ, ಆರೂವರೆಯೋ ಏಳೂವರೆಯೋ ಬಾಯಿಂದಲೇ ಹೇಳಿಬಿಡಿ" ಎಂದರು.

ಅದು ನಗುವ ತಪ್ಪು. ಮುಂದಿನದು ಹಾಗಲ್ಲ. ಹಣ ಕಟ್ಟಿದವರ ಹೆಸರಿಗೆ ✅, ಕಟ್ಟದವರ ಹೆಸರಿಗೆ ❌ ಹಾಕಿ ಇಡೀ ತರಗತಿಯ ಪಟ್ಟಿಯನ್ನು ಗುಂಪಿಗೆ ಹಾಕಿದೆ. ಲೆಕ್ಕ ಚೊಕ್ಕವಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡೆ. ಮೂರು ದಿನದ ಮೇಲೆ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಒಬ್ಬ ತಂದೆ ಶಾಲೆಗೆ ಬಂದು, ಬಾಗಿಲ ಹೊರಗೇ ನಿಂತರು. "ಪಗಾರ ಶನಿವಾರ ಸಿಗುತ್ತದೆ, ಅಂದೇ ಕಟ್ಟುತ್ತೇನೆ ಅಕ್ಕೋರೆ. ಆ ಕೆಂಪು ಗುರುತನ್ನು ಮಾತ್ರ ತೆಗೆಯಿರಿ. ಮಗಳು ಅದನ್ನೇ ತೆಗೆದು ತೆಗೆದು ನೋಡುತ್ತಾಳೆ." ಅಳಿಸಲು ಹೋದೆ. ಎಲ್ಲರ ಮೊಬೈಲಿನಿಂದ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನಕ್ಕೆ ಮುಗಿದುಹೋಗುತ್ತದೆ. ಪಟ್ಟಿ ಇಂದಿಗೂ ಆ ಗುಂಪಿನಲ್ಲಿದೆ.

ಅಂದು ಸಂಜೆ ಕುಳಿತು ಸಂದೇಶವನ್ನು ಹೊಸದಾಗಿ ಬರೆದೆ:

ಪಾಲಕರಿಗೆ ನಮಸ್ಕಾರ 🙏
🚌 ಲಕ್ಕುಂಡಿ ಪ್ರವಾಸ ಮುಂದಿನ ಗುರುವಾರ. ಬೆಳಿಗ್ಗೆ 7:30ಕ್ಕೆ ಶಾಲೆಯ ಗೇಟಿನಿಂದ ಬಸ್ ಹೊರಡುತ್ತದೆ, ಸಂಜೆ 6ಕ್ಕೆ ಮರಳುತ್ತದೆ.
🍱 ಮಧ್ಯಾಹ್ನದ ಬುತ್ತಿ, ನೀರಿನ ಬಾಟಲಿ ಕಳಿಸಿ.
💊 ಬಸ್ಸಿನಲ್ಲಿ ವಾಂತಿಯಾಗುವ, ದಿನವೂ ಔಷಧಿ ತೆಗೆದುಕೊಳ್ಳುವ ಮಕ್ಕಳಿದ್ದರೆ ನನಗೊಬ್ಬಳಿಗೇ ತಿಳಿಸಿ.
✍️ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿ.
ಹಣದ ವಿಷಯವಿದ್ದರೆ ನೇರವಾಗಿ ನನಗೆ ಫೋನ್ ಮಾಡಿ.

ಹಣದ ಸಾಲಿಗೆ ಚಿತ್ರವಿಲ್ಲ. 💰 ಅಲ್ಲಿದ್ದರೆ ಸಾಲ ಕೊಟ್ಟವನು ಬಾಗಿಲು ಬಡಿದಂತೆ. ಉಳಿದ ಸಾಲುಗಳಿಗೆ ಒಂದೊಂದೇ ಚಿತ್ರ, ಅದೂ ನಮಸ್ಕಾರದ ಸಾಲೊಂದನ್ನು ಬಿಟ್ಟರೆ ಮೊದಲಿಗೆ, ಹುಡುಕುವವರ ಕಣ್ಣಿಗೆ ಬೀಳಲೆಂದು. ಚಿತ್ರವನ್ನು ತೆಗೆದರೂ ಸಾಲಿನ ಅರ್ಥ ಕೆಡಬಾರದು. ಕಣ್ಣು ಕಾಣದವರಿಗೆ ಸಂದೇಶ ಓದಿ ಹೇಳುವ ಮೊಬೈಲು ಪ್ರತಿ ಚಿತ್ರದ ಹೆಸರನ್ನೂ ಉಚ್ಚರಿಸುತ್ತದೆ. ನನ್ನ ಎರಡು 🎉🎉 ಅವರ ಕಿವಿಗೆ ಎಷ್ಟು ಹಿತವಾಗಿತ್ತೋ! (🍱 ಜಪಾನಿನ ಬುತ್ತಿಯ ಚಿತ್ರ. ನಮ್ಮ ರೊಟ್ಟಿ-ಶೇಂಗಾ ಚಟ್ನಿಯ ಗಂಟಿಗೆ ಚಿತ್ರ ಸಿಗಲಿಲ್ಲ.)

ಸಹಿಯ ಸಾಲು ಬಂದದ್ದಕ್ಕೂ ಕಾರಣವಿದೆ. ಮೊದಲ ಸಂದೇಶಕ್ಕೆ 👍 ಒತ್ತಿದವರೆಲ್ಲ ಒಪ್ಪಿದರೆಂದು ಬಸ್ಸಿನ ಪಟ್ಟಿಗೆ ಸೇರಿಸಿದ್ದೆ. ಅವರಲ್ಲೊಬ್ಬರ ಮಗ, "ಮನೆಯಲ್ಲಿ ಬೇಡ ಎಂದಿದ್ದಾರೆ" ಎಂದ. ಫೋನ್ ಮಾಡಿ ಕೇಳಿದೆ. "ಓದಿದೆ ಎಂದು ಒತ್ತಿದ್ದೆ ಅಕ್ಕೋರೆ, ಕಳಿಸುತ್ತೇನೆ ಎಂದಲ್ಲ" ಎಂದರು ಅವನ ತಾಯಿ.