ಹಾಲಿನ ಲೆಕ್ಕದ ಆ್ಯಪ್ ಲಾಗ್: ಕೋಡ್ ಮುಗಿದ್ಮೇಲೆ ಶುರುವಾದ ಕೆಲ್ಸ

ಕೋಡ್ ಮುಗೀತು, ಇನ್ನೇನು ಅಪ್‌ಲೋಡ್ ಮಾಡೋದಷ್ಟೇ ಅಂತ ಹೋದ್ಸಲ ಬರ್ದಿದ್ದೆ. ಆ "ಅಷ್ಟೇ"ಗೆ ಮೂರು ವಾರ ಹಿಡೀತು.

ಪ್ಲೇ ಸ್ಟೋರ್ ಡೆವಲಪರ್ ಅಕೌಂಟಿಗೆ 25 ಡಾಲರ್, ಒಂದೇ ಸಲ ಕಟ್ಟೋದು (ಆಪಲ್ದು ವರ್ಷಕ್ಕೆ 99, ಅದನ್ನ ಸದ್ಯಕ್ಕೆ ಮರ್ತಿದೀನಿ). ಐಡಿ ವೆರಿಫಿಕೇಶನ್ ಸುಲಭವಾಗೇ ಆಯ್ತು. ಆದ್ರೆ 2023ರ ನವೆಂಬರ್ 13 ಆದ್ಮೇಲೆ ತೆಗ್ದಿರೋ ಪರ್ಸನಲ್ ಅಕೌಂಟ್ ಆದ್ರೆ ನೇರವಾಗಿ ರಿಲೀಸ್ ಮಾಡೋ ಹಾಗಿಲ್ಲ, ಕ್ಲೋಸ್ಡ್ ಟೆಸ್ಟಲ್ಲಿ ಕನಿಷ್ಠ 12 ಜನ 14 ದಿನ ಬಿಡದೇ ಇರ್ಬೇಕು. ಮೊದ್ಲು 20 ಇತ್ತಂತೆ, ಪುಣ್ಯ. ನಾನು 15 ಜನರನ್ನ ಸೇರಿಸ್ದೆ, ಯಾರಾದ್ರೂ ಮಧ್ಯದಲ್ಲಿ ಬಿಟ್ಟು ಹೋದ್ರೆ ಅಂತ.

ಮೊದಲ ಅಪ್‌ಲೋಡೇ ವಾಪಸ್ ಬಂತು, ಡೀಬಗ್ ಮೋಡಲ್ಲಿ ಸೈನ್ ಆಗಿದೆ ಅಂತ. ಫ್ಲಟರ್ ಹೊಸ ಪ್ರಾಜೆಕ್ಟಲ್ಲಿ ರಿಲೀಸ್ ಬಿಲ್ಡಿಗೂ ಡೀಬಗ್ ಕೀನೇ ಹಾಕಿಟ್ಟಿರುತ್ತೆ, ನಾನು ನೋಡಿರ್ಲಿಲ್ಲ. ಸರಿ, ನಮ್ದೇ ಕೀ ಮಾಡ್ಕೊಂಡೆ:

```
keytool -genkey -v -keystore upload-keystore.jks -keyalg RSA -keysize 2048 -validity 10000 -alias upload
```

ಫೈಲನ್ನ ಪೆನ್‌ಡ್ರೈವಲ್ಲಿ ಒಂದು, ಗೂಗಲ್ ಡ್ರೈವಲ್ಲಿ ಒಂದು ಇಟ್ಟೆ, ಪಾಸ್‌ವರ್ಡ್ ಬೇರೆ ಕಡೆ. ಗಿಟ್‌ಗೆ ಹೋಗ್ದೇ ಇರ್ಲಿ ಅಂತ .gitignoreಗೂ ಹಾಕ್ದೆ.

ಸ್ಕ್ರೀನ್‌ಶಾಟ್ ಕತೆ ಬೇರೆ. ನನ್ನ ಫೋನಿನ ಸ್ಕ್ರೀನ್ 1080x2400, ಉದ್ದ ಅಗಲದ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು ಅಂತ ತಗೊಳ್ಲೇ ಇಲ್ಲ. 1080x1920 ಹಾಳೆ ಮಾಡಿ ಒಳಗೆ ಚಿಕ್ಕದಾಗಿ ಕೂರಿಸಿ, ಮೇಲೆ ಒಂದು ಸಾಲು ಕನ್ನಡ ಬರ್ದೆ. ಎಡಿಟರಲ್ಲಿ ಒತ್ತಕ್ಷರ ಒಡ್ದು "ಲೆಕ್ಕ" ಹೋಗಿ "ಲೆಕ್‌ಕ" ಆಗಿತ್ತು, ನಾಲ್ಕು ಚಿತ್ರ ಮುಗಿದ್ಮೇಲೆ ಕಣ್ಣಿಗೆ ಬಿತ್ತು. ಇನ್ನೊಂದು, ಶಾಟಲ್ಲಿ ಹಾಲಿನ ವರ್ತನೆಯವ್ರ ನಿಜವಾದ ಹೆಸ್ರು ಫೋನ್ ನಂಬರ್ ಎಲ್ಲ ಇತ್ತು, ಸುಳ್ಳು ಹೆಸ್ರು ತುಂಬಿ ಮತ್ತೆ ತೆಗ್ದೆ.

ಈಗ ರಿಜೆಕ್ಷನ್. ಆ್ಯಪ್ ತೆರೆದ ತಕ್ಷಣ ಗೂಗಲ್ ಲಾಗಿನ್ ಕೇಳ್ತಿತ್ತು, App access ಅನ್ನೋ ಕಡೆ ನಾನು "ಎಲ್ಲಾ ಲಾಗಿನ್ ಇಲ್ದೇನೇ ಸಿಗುತ್ತೆ" ಅಂತ ಟಿಕ್ ಹಾಕಿದ್ದೆ. ರಿವ್ಯೂ ಮಾಡೋರು ಬಾಗಿಲಲ್ಲೇ ನಿಂತ್ರು. ತಪ್ಪು ನಂದೇ. ಒಂದು ಟೆಸ್ಟ್ ಅಕೌಂಟ್ ಮಾಡಿ ಐಡಿ ಪಾಸ್‌ವರ್ಡ್ ಕೊಟ್ಟೆ, ಎರಡ್ನೇ ಸಲಾನೂ ವಾಪಸ್: ಲಾಗಿನ್ ಆಗ್ತಿಲ್ಲ. ನನ್ನ ಫೋನಲ್ಲಿ ಆಗ್ತಿದ್ಯಲ್ಲಾ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸ್ಕೊಂಡೆ. ಕೊನೆಗೆ ಇಂಟರ್ನಲ್ ಟೆಸ್ಟಿಂಗ್‌ಗೆ ಹಾಕಿ ಪ್ಲೇ ಸ್ಟೋರಿಂದಾನೇ ಇನ್‌ಸ್ಟಾಲ್ ಮಾಡ್ನೋಡ್ದೆ, ಆಗ ಸಿಕ್ತು:

```
ApiException: 10
```

ಇದು ಡೆವಲಪರ್ ಎರರ್. ಸಾಮಾನ್ಯವಾಗಿ ಪ್ಯಾಕೇಜ್ ಹೆಸ್ರು ಇಲ್ಲ ಸಹಿ ತಾಳೆ ಆಗ್ತಿಲ್ಲ ಅಂತ ಅರ್ಥ. ವಿಷ್ಯ ಏನಂದ್ರೆ ನಾನು ಸೈನ್ ಮಾಡೋ ಕೀ ಬರೀ ಅಪ್‌ಲೋಡಿಗೆ, ಪ್ಲೇ ನಮ್ಮ ಬಂಡಲ್ ತಗೊಂಡು ಜನರಿಗೆ ಕೊಡೋವಾಗ ತನ್ನ ಹತ್ರ ಇರೋ ಇನ್ನೊಂದು ಕೀಯಿಂದ ಸೈನ್ ಮಾಡುತ್ತೆ. ಅಂದ್ರೆ ಬಳಸೋರ ಕೈಗೆ ಹೋಗೋ ಆ್ಯಪಿನ ಸಹಿಯ ಗುರುತು, ಅಂದ್ರೆ SHA-1, ಬೇರೇನೇ. ಲಾಗಿನ್‌ಗೆ ಬಳಸೋ ಫೈರ್‌ಬೇಸಲ್ಲಿ ನಾನು ಹಾಕಿದ್ದು ಡೀಬಗ್ದು ಮತ್ತೆ ಅಪ್‌ಲೋಡ್ ಕೀದು ಮಾತ್ರ, ಅದಕ್ಕೇ ಕೇಬಲ್ ಚುಚ್ಚಿ ಹಾಕಿದ್ದು ನಡೀತು, ಸ್ಟೋರಿಂದ ಇಳಿಸಿದ್ದು ಬಿತ್ತು. ಕನ್ಸೋಲಿನ App signing ಪೇಜಲ್ಲಿ ಎರಡೂ ಕೀಯ ಸರ್ಟಿಫಿಕೇಟ್ ತೋರಿಸುತ್ತೆ, ಆ್ಯಪ್ ಸೈನಿಂಗ್ ಕೀದು SHA-1 ಕಾಪಿ ಮಾಡಿ ಫೈರ್‌ಬೇಸಿಗೆ ಸೇರಿಸ್ದೆ. ಹೊಸ ಬಿಲ್ಡ್ ಇಲ್ದೇನೇ ಸ್ವಲ್ಪ ಹೊತ್ತಲ್ಲಿ ಅದೇ ಇನ್‌ಸ್ಟಾಲಲ್ಲಿ ಲಾಗಿನ್ ಆಯ್ತು. ಎರಡು ಕೀ ಇರೋದ್ರಿಂದ ಒಂದು ಲಾಭಾನೂ ಇದೆ, ಅಪ್‌ಲೋಡ್ ಕೀ ಕಳ್ಕೊಂಡ್ರೆ ರೀಸೆಟ್ ಕೇಳ್ಬೋದು.

ಆದ್ರೂ ಗೂಗಲ್ ಅಕೌಂಟನ್ನ ಗುರುತಿಲ್ಲದ ಫೋನಲ್ಲಿ ತೆರೆದ್ರೆ "ನೀವೇನಾ?" ಅಂತ ನನ್ನ ಫೋನಿಗೇ ಕೇಳೋ ಚಾನ್ಸ್ ಇದೆ, ರಿವ್ಯೂ ಮತ್ತೆ ಅಲ್ಲೇ ನಿಲ್ಲುತ್ತೆ. ಅದಕ್ಕೆ ಲಾಗಿನನ್ನೇ ಐಚ್ಛಿಕ ಮಾಡ್ಬಿಟ್ಟೆ, ಬ್ಯಾಕಪ್ ಬೇಕಂದೋರಿಗೆ ಮಾತ್ರ. ದಿನಾ ಹಾಲು ಬರ್ಕೊಳೋಕೆ ಲಾಗಿನ್ ಯಾಕ್ ಬೇಕಿತ್ತು ಅಂತ ಈಗ ಅನ್ಸುತ್ತೆ. ಮೂರನೇ ಸಲ ಪಾಸ್.

ಇವತ್ತು ಕ್ಲೋಸ್ಡ್ ಟೆಸ್ಟಿನ ಒಂಬತ್ತನೇ ದಿನ, 14 ಜನ ಇದಾರೆ. ಬೆಳಗ್ಗೆ ಚಿಕ್ಕಮ್ಮ ಫೋನ್ ಮಾಡಿ "ಅಲ್ಲಾ ಕಣೋ, ಒಂದೂವರೆ ಲೀಟ್ರು ಬರೆಯೋದು ಎಲ್ಲಿ, ಚುಕ್ಕೀನೇ ಇಲ್ವಲ್ಲೋ" ಅಂದ್ರು. ಕೀಬೋರ್ಡಲ್ಲಿ ಬರೀ ಅಂಕಿ ಬರೋ ಹಾಗೆ ಇಟ್ಟಿದ್ದೆ. versionCode 5 ಆಗುತ್ತೆ, ಸಂಜೆ ಹಾಕ್ತೀನಿ.